ದಾಳವನ್ನು ಯಂತ್ರದ ಹೊರಗಿಟ್ಟ ಜಾಣ್ಮೆ

ಕೈಯಲ್ಲಿ ಬರೆದ ಒಂದು ‘3’ ಇದೆ ಎನ್ನಿ. ಎಂಎನ್‌ಐಎಸ್‌ಟಿ ಎಂಬ ಪ್ರಸಿದ್ಧ ಚಿತ್ರಸಂಗ್ರಹದಲ್ಲಿ ಇಂಥ ಪ್ರತಿ ಅಂಕಿಯೂ 28 ಚುಕ್ಕಿ ಅಗಲ, 28 ಚುಕ್ಕಿ ಎತ್ತರ. ಒಟ್ಟು 784 ಚುಕ್ಕಿ. ಬರೆದ ಕೈ ಮಾತ್ರ 784 ಸಲ ಯೋಚಿಸಿರಲಿಲ್ಲ. ಯಾವ ಅಂಕಿ, ಎಷ್ಟು ಓರೆ, ಎಷ್ಟು ದಪ್ಪ, ಇಷ್ಟೇ. ಕಾಣದ ಈ ಕೆಲವೇ ಸಂಖ್ಯೆಗಳನ್ನು (z ಎನ್ನೋಣ) ಚಿತ್ರದಿಂದ ಊಹಿಸುವುದು ಎನ್‌ಕೋಡರ್, ಅವುಗಳಿಂದ ಚಿತ್ರವನ್ನು ಮತ್ತೆ ಬಿಡಿಸುವುದು ಡಿಕೋಡರ್. ಎರಡೂ ಸೇರಿದರೆ ವೇರಿಯೇಷನಲ್ ಆಟೋಎನ್‌ಕೋಡರ್. 2013ರ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಕಿಂಗ್ಮಾ ಮತ್ತು ವೆಲ್ಲಿಂಗ್ ಇದನ್ನು ಮುಂದಿಟ್ಟರು.

ಎನ್‌ಕೋಡರ್ ‘ಓರೆ ಇಷ್ಟೇ’ ಎಂದು ಖಚಿತವಾಗಿ ಹೇಳುವುದಿಲ್ಲ. ‘ಸುಮಾರು 1, ಆಚೀಚೆ 0.5’ ಎನ್ನುತ್ತದೆ. ಅಂದರೆ ಸರಾಸರಿ μ = 1, ಹರಡು σ = 0.5.

ಈ ಮಾದರಿ ನಮ್ಮ ‘3’ ಅನ್ನು ಹುಟ್ಟಿಸುವ ಸಾಧ್ಯತೆ ಎಷ್ಟು? ನೇರವಾಗಿ ತಿಳಿಯಲು z ತಳೆಯಬಹುದಾದ ಎಲ್ಲ ಬೆಲೆಗಳನ್ನೂ ಕೂಡಿಸಬೇಕು, ಆಗದ ಮಾತು. ಹಾಗಾಗಿ ಆ ಸಾಧ್ಯತೆಯ ಲಾಗರಿದಮ್ಮನ್ನು ಎಂದೂ ಮೀರದ, ಆದರೆ ಲೆಕ್ಕಕ್ಕೆ ಸಿಗುವ ಒಂದು ಮೊತ್ತವನ್ನು ಹಿಡಿದು ಮೇಲೆತ್ತುತ್ತಾರೆ. ಇದೇ ಸಾಕ್ಷ್ಯದ ಕೆಳಮಿತಿ, ಬಳಕೆಯಲ್ಲಿ ‘ಎಲ್ಬೊ’:

```
ELBO = E[log p(x|z)] − KL
```

ಮೊದಲ ಪದ, ಬಿಡಿಸಿದ ಚಿತ್ರ ಮೂಲವನ್ನು ಎಷ್ಟು ಹೋಲುತ್ತದೆ ಎಂಬುದು. ಎರಡನೆಯದು ದಂಡ: ಎನ್‌ಕೋಡರ್‌ನ ಊಹೆ, ಸರಾಸರಿ 0, ಹರಡು 1 ಇರುವ ಸಾಮಾನ್ಯ ಗಂಟೆಯಾಕಾರದಿಂದ ದೂರ ಸರಿದಷ್ಟೂ ಹೆಚ್ಚುತ್ತದೆ. ನಮ್ಮ ಊಹೆಗೆ ತೆರಬೇಕಾದದ್ದು:

```
½(μ² + σ² − 1 − ln σ²) = ½(1 + 0.25 − 1 + 1.386) ≈ 0.82
```

ದಂಡವೇ ಇಲ್ಲದಿದ್ದರೆ ಎನ್‌ಕೋಡರ್ ಪ್ರತಿ ಚಿತ್ರಕ್ಕೂ ದೂರದೂರದಲ್ಲಿ ಒಂದೊಂದು ಮೂಲೆ ಹಿಡಿದುಬಿಡುತ್ತದೆ. ನಡುವಿನ ಬಯಲಿಂದ z ಆರಿಸಿದರೆ ಡಿಕೋಡರ್ ಗೀಚುವುದು ಬರೀ ಗೊಂದಲ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಚಿತ್ರ ಬಿಡಿಸಲು ಆ ಊಹೆಯಿಂದ ಒಂದು z ಎತ್ತಬೇಕು, ಅದು ದಾಳ ಎಸೆದಂತೆ. ತಪ್ಪಾದಾಗ ಯಾವ ಸಂಖ್ಯೆಯನ್ನು ಎಷ್ಟು ತಿದ್ದಬೇಕೆಂಬ ಸುದ್ದಿ ಡಿಕೋಡರ್‌ನಿಂದ ಎನ್‌ಕೋಡರ್‌ಗೆ ಹಿಂದಿರುಗಬೇಕಲ್ಲ. ದಾಳದ ಬಳಿ ದಾರಿ ಕಡಿಯುತ್ತದೆ. μ ಸ್ವಲ್ಪ ಬದಲಾದರೆ ಬಿದ್ದ ದಾಳ ಎಷ್ಟು ಬದಲಾಗುತ್ತಿತ್ತು ಎಂದು ಯಾರನ್ನು ಕೇಳುವುದು?

ಪರಿಹಾರ ಒಂದೇ ಸಾಲಿನದು:

```
z = μ + σ·ε
```

ದಾಳವನ್ನು ಹೊರಗೆ, μ, σಗಳ ಹಂಗಿಲ್ಲದೆ ಎಸೆಯಿರಿ. ε = 0.6 ಬಿತ್ತು ಎನ್ನಿ; z = 1 + 0.5 × 0.6 = 1.3. ಈಗ ಪ್ರಶ್ನೆಗೆ ಉತ್ತರವಿದೆ: μ 0.1 ಏರಿದರೆ z ಕೂಡ 0.1 ಏರುತ್ತದೆ, σ 0.1 ಏರಿದರೆ 0.06. ಕಡಿದ ದಾರಿ ಕೂಡಿತು. ಯಂತ್ರ ಆರಿಸಬೇಕಾದದ್ದು ‘ಹೌದು–ಇಲ್ಲ’ದಂಥ ಬಿಡಿ ಆಯ್ಕೆಯಾದರೆ ಮಾತ್ರ ಈ ಉಪಾಯ ನೇರವಾಗಿ ನಡೆಯದು, ಅಲ್ಲಿ ಸ್ವಲ್ಪ ಬದಲಾಗುವುದೆಂಬುದೇ ಇಲ್ಲ.

ಇನ್ನೊಂದು ಕಾಯಿಲೆ ಮೋಸದ್ದು. ಡಿಕೋಡರ್ ತೀರಾ ಬಲಶಾಲಿಯಾದರೆ z ಅನ್ನು ನೋಡದೆಯೇ ಬಿಡಿಸತೊಡಗುತ್ತದೆ, ಎನ್‌ಕೋಡರ್ ದಂಡ ಉಳಿಸಿ ಸುಮ್ಮನಾಗುತ್ತದೆ. ಎಲ್ಬೊ ಮೊತ್ತವನ್ನಷ್ಟೇ ನೋಡುವವರಿಗೆ ಇದು ಗೊತ್ತೇ ಆಗದು. ದಂಡವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು: ಅದು ಸೊನ್ನೆಗೆ ಅಂಟಿಕೊಂಡಿದ್ದು, z ಬದಲಿಸಿದರೂ ಬರುವ ಅಂಕಿಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಎನ್‌ಕೋಡರ್ ಏನೂ ಹೇಳುತ್ತಿಲ್ಲವೆಂದೇ ಲೆಕ್ಕ.