ಮುನ್ನೂರು ಲೋಟ ಕಾಫಿಯ ಲೆಕ್ಕ

ಮದುವೆಮನೆಯಲ್ಲಿ ಬೆಳಿಗ್ಗೆ ಆರಕ್ಕೇ ಎದ್ದವರಿಗೆ ಘಮಘಮಿಸುವ ಕಾಫಿ ಸಿಗುತ್ತದೆ. ಎಂಟಕ್ಕೆ ಬಸ್ಸಿಳಿದು ಬಂದ ಬೀಗರ ಕಡೆಯವರಿಗೆ ಸಿಗುವುದು ಗಂಟಲು ಕೆರೆಯುವ ಕಹಿ. ಪುಡಿ ಅದೇ, ಹಾಲು ಅದೇ, ಭಟ್ಟರೂ ಅವರೇ. ಬೆರೆಸಿಟ್ಟ ಕಾಫಿ ಮಾತ್ರ ಎರಡು ಗಂಟೆ ಸಣ್ಣ ಉರಿಯ ಮೇಲೆ ಕುದಿಯುತ್ತಲೇ ಇತ್ತು.

ಅಳತೆಯಿಂದಲೇ ಶುರು ಮಾಡೋಣ. ನೂರು ಮಿಲಿಲೀಟರಿನ ಒಂದು ಲೋಟ ಕಾಫಿಯಲ್ಲಿ ಕಾಲುಭಾಗ ಡಿಕಾಕ್ಷನ್, ಮುಕ್ಕಾಲುಭಾಗ ಹಾಲು ಎಂದಿಟ್ಟುಕೊಂಡರೆ ಲೋಟಕ್ಕೆ ಸುಮಾರು 5 ಗ್ರಾಂ ಪುಡಿ ಬೇಕು. ಅಂದರೆ ನೂರು ಲೋಟಕ್ಕೆ ಅರ್ಧ ಕಿಲೋ ಪುಡಿ, ಎರಡೂವರೆ ಲೀಟರ್ ಡಿಕಾಕ್ಷನ್, ಏಳೂವರೆ ಲೀಟರ್ ಹಾಲು. ಆದರೆ ಎರಡೂವರೆ ಲೀಟರ್ ನೀರು ಹಾಕಿದರೆ ಅಷ್ಟೇ ಡಿಕಾಕ್ಷನ್ ಇಳಿಯುವುದಿಲ್ಲ. ಒದ್ದೆಯಾದ ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ಅರ್ಧ ಕಿಲೋಗೆ ಮೂರೂವರೆ ಲೀಟರ್ ನೀರು ಹಾಕಬೇಕು. ಚಿಕೋರಿ ಹೆಚ್ಚಿದ್ದರೆ ಇನ್ನೊಂದಿಷ್ಟು ಬೇಕಾಗಬಹುದು.

ಮುನ್ನೂರು ಜನರ ಮದುವೆಗೆ ಇದರ ಮೂರರಷ್ಟು: ಒಂದೂವರೆ ಕಿಲೋ ಪುಡಿ, ಹತ್ತೂವರೆ ಲೀಟರ್ ನೀರು, ಇಪ್ಪತ್ತೆರಡೂವರೆ ಲೀಟರ್ ಹಾಲು. ಎರಡನೇ ಲೋಟ ಕೇಳುವವರು ಇದ್ದೇ ಇರುತ್ತಾರೆ. ಹಾಲಷ್ಟೇ ಸಾಕು ಎನ್ನುವ ಮಕ್ಕಳೂ ಇರುತ್ತಾರೆ. ಹಾಗಾಗಿ ಒಂದೆರಡು ಲೀಟರ್ ಹಾಲು ಕೈಯಲ್ಲಿ ಹೆಚ್ಚಿರುವುದು ಒಳ್ಳೆಯದು.

ಇಷ್ಟು ಪುಡಿಯನ್ನು ಒಂದೇ ಸಲಕ್ಕೆ ಇಳಿಸಬಾರದು. ಪುಡಿಯ ಪದರ ದಪ್ಪವಾದಷ್ಟೂ ನೀರು ಇಳಿಯುವುದು ನಿಧಾನವಾಗುತ್ತದೆ. ತಳದಲ್ಲಿ ಜಿನುಗುವ ಹೊತ್ತಿಗೆ ಮೇಲಿನದು ಆರಿಯೇ ಹೋಗಿರುತ್ತದೆ. ಅರ್ಧ ಅರ್ಧ ಕಿಲೋದಂತೆ ಮೂರು ಕಂತು ಮಾಡಿಕೊಂಡು, ಮೊದಲನೆಯದನ್ನು ಹಂಚಲು ತೊಡಗಿದಾಗ ಎರಡನೆಯದಕ್ಕೆ ನೀರಿಡಬೇಕು. ದೊಡ್ಡ ಫಿಲ್ಟರ್ ಇಲ್ಲದ ಕಡೆ ಬಟ್ಟೆಯೇ ಸಾಕು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಪುಡಿ ಹಾಕಿ ಒಮ್ಮೆ ಕಲಕಿ, ಮುಚ್ಚಿ ಐದಾರು ನಿಮಿಷ ಬಿಟ್ಟು ಸೋಸುವುದು. ಬಟ್ಟೆ ಹೊಸದಾಗಿದ್ದರೆ ಮೊದಲೇ ಕುದಿಸಿ ಗಂಜಿ ತೆಗೆದಿರಬೇಕು. ಕೊನೆಯ ಹನಿಯ ಆಸೆಗೆ ಗಂಟು ಹಿಂಡಿದರೆ ನುಣ್ಣನೆಯ ಗಸಿಯೂ ಕಹಿಯೂ ಒಟ್ಟಿಗೇ ಇಳಿಯುತ್ತವೆ.

ಇನ್ನು ಬಿಸಿಯ ಮಾತು. ಡಿಕಾಕ್ಷನ್ ಕುದಿದಾಗ ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಲೋಟದಲ್ಲಿ ಇರಬೇಕಾದ ಪರಿಮಳವೇ ಹಾಗೆ ಆವಿಯಾಗಿ ಹೋಗುತ್ತಿರುತ್ತದೆ. ಜೊತೆಗೆ ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲಗಳು ಶಾಖಕ್ಕೆ ಒಡೆದು, ನಾಲಿಗೆಗೆ ಒರಟೆನಿಸುವ ಬೇರೆ ಆಮ್ಲಗಳಾಗುತ್ತವೆ. ಹಾಗಾದರೆ ಡಿಕಾಕ್ಷನ್ನನ್ನು ಬಿಸಿಯಾಗಿ ಇಡುವುದು ಹೇಗೆ? ಅಷ್ಟು ಬಿಸಿಯಾಗಿ ಇಡಬೇಕಾದ ಅಗತ್ಯವೇ ಇಲ್ಲ. ಲೋಟದಲ್ಲಿ ಮುಕ್ಕಾಲುಪಾಲು ಇರುವುದು ಹಾಲು, ಬಿಸಿಯನ್ನು ಹೊರುವುದೂ ಅದೇ. 90 ಡಿಗ್ರಿಯ 75 ಮಿಲಿಲೀಟರ್ ಹಾಲಿಗೆ 40 ಡಿಗ್ರಿಗೆ ಇಳಿದ 25 ಮಿಲಿಲೀಟರ್ ಡಿಕಾಕ್ಷನ್ ಬೆರೆಸಿದರೂ ಕಾಫಿ ಸುಮಾರು 77 ಡಿಗ್ರಿಯಲ್ಲಿರುತ್ತದೆ. ತಣ್ಣನೆಯ ಸ್ಟೀಲ್ ಲೋಟ ಇನ್ನಷ್ಟು ಬಿಸಿ ಕಸಿದರೂ ಊದಿ ಕುಡಿಯುವಷ್ಟು ಉಳಿದೇ ಉಳಿಯುತ್ತದೆ.

ಹೀಗಾಗಿ ಡಿಕಾಕ್ಷನ್ ಒಲೆಯಿಂದ ದೂರ, ಮುಚ್ಚಿದ ಪಾತ್ರೆಯಲ್ಲಿರಲಿ. ತೀರಾ ತಣ್ಣಗಾದೀತು ಎನಿಸಿದರೆ ಆ ಪಾತ್ರೆಯನ್ನು ಬಿಸಿನೀರಿನ ಅಗಲ ಪಾತ್ರೆಯೊಳಗೆ ಇಳಿಸಿದರಾಯಿತು. ಒಲೆಯ ಮೇಲೆ ಹಾಲೊಂದೇ ಇರಲಿ. ಬೆರೆಸುವುದು ಲೋಟಗಳ ತಟ್ಟೆ ಹೊರಡುವ ಮುಂಚೆ, ಹತ್ತಿಪ್ಪತ್ತು ಲೋಟಕ್ಕಾಗುವಷ್ಟು ಮಾತ್ರ. ಸಕ್ಕರೆಯನ್ನೂ ಆಗಲೇ ಹಾಕಿದರೆ ಸಕ್ಕರೆ ಬೇಡ ಎನ್ನುವವರಿಗೆ ಬೇರೆ ಪಾತ್ರೆ ಹೂಡಬೇಕಿಲ್ಲ.

ಹಾಲಿಗೂ ಮಿತಿಯಿದೆ. ಹೆಚ್ಚು ಹೊತ್ತು ಕುದಿದರೆ ಅದು ಗಟ್ಟಿಯಾಗಿ ಬಾಸುಂದಿಯ ವಾಸನೆ ಹಿಡಿಯುತ್ತದೆ; ಸೌಟಿಗೆ ತಳ ಜಿಗುಟಾಗಿ ಸಿಕ್ಕಿತೆಂದರೆ ಸೀಯಲು ಶುರುವಾಗಿದೆ ಎಂದರ್ಥ. ಆಗ ತಳ ಕೆರೆಯದೆ ಮೇಲಿನ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು. ಹಾಲನ್ನೂ ಕಂತಿನಲ್ಲೇ ಕಾಯಿಸಿದರೆ ಈ ತೊಂದರೆ ಕಡಿಮೆ.

ಆಫೀಸಿನಲ್ಲಿ ಒಲೆಯ ಬದಲು ಫ್ಲಾಸ್ಕು. ಇಪ್ಪತ್ತು ಜನಕ್ಕೆ ನೂರು ಗ್ರಾಂ ಪುಡಿ, 700 ಮಿಲಿಲೀಟರ್ ನೀರು, ಒಂದೂವರೆ ಲೀಟರ್ ಹಾಲು. ಎರಡು ಫ್ಲಾಸ್ಕುಗಳನ್ನು ಕುದಿನೀರಿನಿಂದ ಬೆಚ್ಚಗೆ ಮಾಡಿ, ಒಂದಕ್ಕೆ ಹಾಲು, ಚಿಕ್ಕದಕ್ಕೆ ಡಿಕಾಕ್ಷನ್ ತುಂಬಿಡಬೇಕು. ಅರ್ಧ ಖಾಲಿಯಿರುವ ಫ್ಲಾಸ್ಕು ಬೇಗ ಆರುವುದರಿಂದ ಅಳತೆಗೆ ತಕ್ಕ ಗಾತ್ರದ್ದನ್ನೇ ಆರಿಸಬೇಕು. ಹಾಲು 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ಕುಳಿತರೆ ಕೆಡುವ ದಾರಿ ಹಿಡಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ತುಂಬಿದ್ದನ್ನು ಮಧ್ಯಾಹ್ನ ಮೂರರ ಕಾಫಿಗೆ ಉಳಿಸಿಕೊಳ್ಳದೆ, ಆಗ ಹಾಲನ್ನೂ ಡಿಕಾಕ್ಷನ್ನನ್ನೂ ಹೊಸದಾಗಿ ಮಾಡಿಕೊಳ್ಳಬೇಕು.