ಒಂದು ನೋಟು, ಇಬ್ಬರು, ಹತ್ತು ನಿಮಿಷ

ಬಸ್ಸಿನಲ್ಲಿ ಚಿಲ್ಲರೆ ಇಲ್ಲದ ಕಂಡಕ್ಟರ್, ಪರಿಚಯವೇ ಇಲ್ಲದ ಇಬ್ಬರ ಕೈಗೆ ಒಂದೇ ನೋಟು ಕೊಟ್ಟು ‘ಇಳಿದ ಮೇಲೆ ಹಂಚ್ಕೊಳ್ಳಿ’ ಅಂತ ಮುಂದೆ ಹೋಗಿಬಿಡುವುದನ್ನು ನೀವು ನೋಡಿರುತ್ತೀರಿ. ಈ ವರ್ಷ ಯುವಜನೋತ್ಸವಕ್ಕೆ ನಮ್ಮ ಕಾಲೇಜು ತಂಡ ಬರೆದ ಪ್ರಹಸನ ಹುಟ್ಟಿದ್ದು ಈ ಒಂದು ಸಾಲಿನಿಂದ. ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಪ್ರಹಸನಕ್ಕೆ ಸಿಗುವುದು ಹತ್ತು ನಿಮಿಷ, ವೇದಿಕೆ ಮೇಲೆ ಹೆಚ್ಚೆಂದರೆ ಆರು ಮಂದಿ. ಇಷ್ಟರಲ್ಲಿ ಕಥೆ ಹೇಳಲು ಹೊರಟರೆ ಸಮಯ ಸಾಲದು. ಒಂದೇ ಒಂದು ತಮಾಷೆಯ ಎಳೆ ಹಿಡಿದು, ಅದು ಹರಿಯುವವರೆಗೆ ಎಳೆಯಬೇಕು.

ನಮ್ಮ ಎಳೆ ಇದು. ಇಬ್ಬರೂ ತಲಾ ನೂರು ರೂಪಾಯಿ ಕೊಟ್ಟು ಐವತ್ತರ ಟಿಕೆಟ್ ತೆಗೆದುಕೊಳ್ಳುತ್ತಾರೆ. ಕಂಡಕ್ಟರ್ ಅದರಲ್ಲೇ ಒಂದು ನೂರರ ನೋಟನ್ನು ಇಬ್ಬರಿಗೂ ಸೇರಿಸಿ ವಾಪಸ್ ಕೊಡುತ್ತಾನೆ. ಒಬ್ಬ ಸಂದರ್ಶನಕ್ಕೆ ಹೊರಟ ಹುಡುಗ. ಇನ್ನೊಬ್ಬರು ಮಗಳನ್ನು ನೋಡಲು ಗಂಡಿನವರು ಬರುತ್ತಾರೆಂದು ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಹೊರಟ ಅಂಕಲ್. ನೋಟಿನ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದಿದ್ದಾರೆ. ಯಾರೂ ಬಿಡುವುದಿಲ್ಲ.

ಮೊದಲು ಬಾಗಿಲುಗಳನ್ನು ಮುಚ್ಚಿ

ಆರಂಭದ ಒಂದೂವರೆ ನಿಮಿಷದಲ್ಲಿ ನಗಿಸುವುದಕ್ಕಿಂತ ದೊಡ್ಡ ಕೆಲಸವೊಂದಿದೆ. ‘ಇದರಿಂದ ಸುಲಭವಾಗಿ ತಪ್ಪಿಸಿಕೊಳ್ಳಬಹುದಲ್ಲ?’ ಎಂಬ ಪ್ರಶ್ನೆ ಪ್ರೇಕ್ಷಕರಲ್ಲಿ ಏಳದಂತೆ ನೋಡಿಕೊಳ್ಳಬೇಕು. ‘ಯುಪಿಐ ಮಾಡಿದ್ರೆ ಮುಗೀತಲ್ಲಾ’ ಎಂದು ಹಿಂದಿನ ಸಾಲಿನಲ್ಲಿ ಒಬ್ಬನಿಗೆ ಅನ್ನಿಸಿದರೂ ಸಾಕು, ಮುಂದಿನ ಎಂಟು ನಿಮಿಷ ಅವನು ನಗುವುದಿಲ್ಲ. ಹಾಗಾಗಿ ಹುಡುಗನ ಮೊಬೈಲ್ ಮ್ಯಾಪ್ ನೋಡಿ ನೋಡಿ ಆಫ್ ಆಗಿದೆ. ಅಂಕಲ್ ಫೋನ್ ಮನೆಯಲ್ಲಿ ಚಾರ್ಜಿಗಿದೆ. ಎರಡು ಸಾಲಿನಲ್ಲಿ ಬಾಗಿಲು ಬಂದ್.

ಪಾತ್ರದ ಆಯ್ಕೆಗೂ ಇದೇ ಲೆಕ್ಕ. ಅಂಕಲ್ ಜಾಗದಲ್ಲಿ ಒಬ್ಬ ಅಜ್ಜಿ ಇದ್ದಿದ್ದರೆ ಜಗಳಕ್ಕೆ ಇನ್ನೂ ರಂಗೇರುತ್ತಿತ್ತು. ಆದರೆ 2023ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಬಸ್ಸಿನಲ್ಲಿ ಪ್ರಯಾಣ ಉಚಿತ. ಅಜ್ಜಿ ಚಿಲ್ಲರೆಗಾಗಿ ಕಾದರೆ ಇಡೀ ಸಭಾಂಗಣ ‘ಆಧಾರ್ ಕಾರ್ಡ್ ತೋರ್ಸಜ್ಜಿ’ ಎನ್ನುತ್ತದೆ. ಹುಡುಗ ವಿದ್ಯಾರ್ಥಿಯಾದರೆ ಅವನ ಹತ್ತಿರ ಪಾಸ್ ಇರುತ್ತದೆ. ಅದಕ್ಕೇ ಅವನು ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ತಮಾಷೆ ಎಷ್ಟೇ ವಿಚಿತ್ರವಾದರೂ ಅದು ನಿಲ್ಲುವ ನೆಲ ನಿಜದ್ದೇ ಇರಬೇಕು.

ಮೆಟ್ಟಿಲು ಏರುವುದು ಹೇಗೆ?

ಪ್ರಹಸನಗಳು ಹೆಚ್ಚಾಗಿ ಸೋಲುವುದು ನಡುವಿನಲ್ಲಿ. ಬಸ್ಸಿನಲ್ಲೇ ಇಬ್ಬರೂ ಆರು ನಿಮಿಷ ಜಗಳವಾಡಿದರೆ ಧ್ವನಿ ಏರುತ್ತದೆ, ಕಥೆ ಏರುವುದಿಲ್ಲ. ಏರಬೇಕಾದದ್ದು ನಷ್ಟ. ಕೈಯಲ್ಲಿರುವುದು ಅದೇ ಐವತ್ತು ರೂಪಾಯಿ, ಅದಕ್ಕಾಗಿ ಕಳೆದುಕೊಳ್ಳುವುದು ಮಾತ್ರ ಪ್ರತಿ ಸಲ ದೊಡ್ಡದಾಗಬೇಕು.

ಮೊದಲ ಮೆಟ್ಟಿಲು ಪೆಟ್ಟಿಗೆ ಅಂಗಡಿ. ಅಂಕಲ್ ತಮ್ಮ ಸ್ಟಾಪಿಗೆ ಮುಂಚೆಯೇ ಹುಡುಗನ ಜೊತೆ ಇಳಿದಿದ್ದಾರೆ. ಅಂಗಡಿಯವನು ‘ಏನಾದ್ರೂ ತಗೊಳ್ಳಿ, ಚಿಲ್ಲರೆ ಕೊಡ್ತೀನಿ’ ಎನ್ನುತ್ತಾನೆ. ಯಾರ ಪಾಲಿನ ದುಡ್ಡಲ್ಲಿ? ಅಲ್ಲಿಗೆ ಅದೂ ಕೆಟ್ಟಿತು. ಇಲ್ಲಿ ಕಳೆದದ್ದು ಹತ್ತು ನಿಮಿಷ ಮಾತ್ರ.

ಎರಡನೆಯದು ಸಂದರ್ಶನ. ನೋಟು ಹಿಡಿದುಕೊಂಡೇ ಅಂಕಲ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಸಂದರ್ಶಕರು ‘ನಾನು ಕ್ಯಾಶ್ ಇಟ್ಕೊಳ್ಳೋದು ಬಿಟ್ಟು ವರ್ಷಗಳಾಯ್ತು’ ಎನ್ನುವಲ್ಲಿಗೆ ಆ ಬಾಗಿಲೂ ಮುಚ್ಚಿತು. ಹುಡುಗನ ಬಲ ಏನು ಎಂದು ಕೇಳಿದರೆ ಅಂಕಲ್ ಉತ್ತರಿಸುತ್ತಾರೆ: ‘ಹಿಡಿದಿದ್ದು ಬಿಡಲ್ಲ ಸಾರ್, ಬೆಳಿಗ್ಗೆಯಿಂದ ನೋಡ್ತಿದ್ದೀನಿ.’ ದೌರ್ಬಲ್ಯ? ‘ಐವತ್ತು ರೂಪಾಯಿ.’ ಕೆಲಸ ಹೋಯಿತು.

ಮೂರನೆಯದು ಅಂಕಲ್ ಮನೆ. ಗಂಡಿನ ಕಡೆಯವರು ಕೂತಿದ್ದಾರೆ. ಹೆಣ್ಣಿನ ಅಪ್ಪನ ಜೊತೆ ಕೈಗೆ ಕೈ ತಾಗಿಸಿಕೊಂಡು ಒಳಗೆ ಬಂದ ಈ ಹುಡುಗ ಯಾರು? ಅನುಮಾನ ಬೆಳೆಯುತ್ತಿರುವಾಗಲೇ ಪರಿಹಾರವೂ ಬರುತ್ತದೆ. ಗಂಡಿನ ತಂದೆ ಜೇಬಿನಿಂದ ಐವತ್ತರ ಎರಡು ನೋಟು ತೆಗೆಯುತ್ತಾರೆ. ಪ್ರೇಕ್ಷಕರು ಉಸಿರು ಬಿಡುತ್ತಾರೆ. ಆದರೆ ಅದರಲ್ಲಿ ಒಂದು ಟೇಪ್ ಹಚ್ಚಿದ ನೋಟು. ‘ಅದು ನಿಮಗೆ.’ ‘ಇಲ್ಲಪ್ಪ, ಅದು ನಿನಗೆ.’ ಪರಿಹಾರ ಕೈಗೆ ಬಂದ ಮೇಲೂ ಬೇಡ ಎನ್ನುವುದೇ ಶಿಖರ. ಗಂಡಿನವರು ಎದ್ದು ನಡೆಯುತ್ತಾರೆ.

ನಿಮ್ಮ ಸ್ಕ್ರಿಪ್ಟಿನ ಮೆಟ್ಟಿಲುಗಳು ಸರಿ ಇವೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಎರಡು ದೃಶ್ಯಗಳನ್ನು ಅದಲು ಬದಲು ಮಾಡಿ ಓದಿ. ಏನೂ ಕೆಡದಿದ್ದರೆ ನೀವು ಬರೆದಿರುವುದು ಪಟ್ಟಿ, ಏರಿಕೆ ಅಲ್ಲ. ಮದುವೆ ಮುರಿದ ಮೇಲೆ ಅಂಗಡಿಗೆ ಹೋದರೆ ನಮ್ಮ ಪ್ರಹಸನ ದೊಪ್ಪನೆ ಬೀಳುತ್ತದೆ. ಕ್ರಮ ಸರಿ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಕೊನೆಯ ಪದ ಯಾವುದು?

ಅಂತ್ಯಕ್ಕೆ ಎರಡು ದಾರಿಗಳಿದ್ದವು. ಒಂದರಲ್ಲಿ ಕಂಡಕ್ಟರ್ ಬಂದು ‘ಐವತ್ತು ರೂಪಾಯಿಗಾಗಿ ಬದುಕನ್ನೇ ಕಳ್ಕೊಂಡ್ರಲ್ಲ’ ಎಂದು ಬುದ್ಧಿ ಹೇಳುತ್ತಾನೆ. ಪ್ರೇಕ್ಷಕರು ಚಪ್ಪಾಳೆ ತಟ್ಟಬಹುದು, ನಗುವುದಿಲ್ಲ. ಅವರಿಗೆ ಆಗಲೇ ಗೊತ್ತಿರುವುದನ್ನು ಮತ್ತೆ ಹೇಳಿದಂತಾಗುತ್ತದೆ. ನಾವು ಆರಿಸಿಕೊಂಡದ್ದು ಇನ್ನೊಂದನ್ನು.

ಗಂಡಿನವರನ್ನು ಸಮಾಧಾನ ಮಾಡಲು ಅಂಕಲ್, ಊರಿಗೆ ಮರಳಲು ಹುಡುಗ, ಇಬ್ಬರೂ ಅದೇ ಬಸ್ ಹತ್ತುತ್ತಾರೆ. ಐವತ್ತರಂತೆ ಎರಡು ಟಿಕೆಟ್, ಒಟ್ಟು ನೂರು. ಲೆಕ್ಕ ಸರಿಯಾಯಿತು! ನೋಟು ಕಂಡಕ್ಟರ್ ಕೈ ಸೇರುತ್ತದೆ. ಬೆಳಿಗ್ಗೆಯಿಂದ ಮೊದಲ ಸಲ ಇಬ್ಬರ ಕೈಗಳೂ ಖಾಲಿ. ಇಬ್ಬರೂ ಬೆರಳು ಅಲುಗಾಡಿಸಿ ನೋಡಿಕೊಳ್ಳುತ್ತಾರೆ. ಇಲ್ಲಿ ಎರಡು ಸೆಕೆಂಡ್ ಮೌನ ಬೇಕು, ಎಲ್ಲ ಮುಗಿಯಿತು ಎಂದು ಪ್ರೇಕ್ಷಕರು ನಂಬುವಷ್ಟು. ಟಿಕೆಟ್ ಮಿಷನ್ನಿನ ಕರಕರ ಸದ್ದು. ಕಂಡಕ್ಟರ್ ಚೀಟಿ ಚಾಚುತ್ತಾನೆ: ‘ಇಳಿಯೋವರೆಗೂ ಇಟ್ಕೊಳ್ಳಿ, ಇಬ್ರಿಗೂ ಸೇರಿ ಟಿಕೆಟ್ ಒಂದೇ.’ ಇಬ್ಬರೂ ಒಂದೊಂದು ತುದಿ ಹಿಡಿಯುತ್ತಾರೆ. ದೀಪ ಆರುತ್ತದೆ.

ಆ ಸಾಲು ‘ಇಬ್ರಿಗೂ ಸೇರಿ ಒಂದೇ ಟಿಕೆಟ್ ಕೊಟ್ಟಿದ್ದೀನಿ’ ಎಂದಿದ್ದರೆ ಅರ್ಥ ಅದೇ, ನಗು ಅಲ್ಲ. ಕನ್ನಡ ವಾಕ್ಯ ಸಹಜವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹಾಗಾಗಿ ನಗಿಸುವ ‘ಒಂದೇ’ ನಡುವೆ ಸಿಕ್ಕಿಕೊಳ್ಳುತ್ತದೆ, ನಗು ಏಳುವಾಗ ನಟ ಇನ್ನೂ ಮಾತಾಡುತ್ತಲೇ ಇರುತ್ತಾನೆ. ಆಡುಮಾತಿನಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡುವ ಸ್ವಾತಂತ್ರ್ಯವಿದೆ. ಅದನ್ನು ಬಳಸಿಕೊಂಡು ನಗುವಿನ ಪದವನ್ನು ಕಟ್ಟಕಡೆಗೆ ತನ್ನಿ. ಅದರ ನಂತರ ಒಂದು ‘ಅಯ್ಯೋ’ ಕೂಡ ಬೇಡ.

ಇನ್ನು ಸಮಯ. ಹತ್ತು ನಿಮಿಷಕ್ಕೆಂದು ಹತ್ತು ನಿಮಿಷದ ಸ್ಕ್ರಿಪ್ಟ್ ಬರೆಯಬಾರದು, ನಗುವೂ ಸಮಯ ತಿನ್ನುತ್ತದೆ. ತಾಲೀಮಿನಲ್ಲಿ ಎಂಟು ನಿಮಿಷಕ್ಕೆ ಮುಗಿದರೆ ಸರಿ. ಇನ್ನೊಂದು ಮಾತು: ತಾಲೀಮನ್ನು ತಂಡದವರೇ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅವರಿಗೆ ಅಂತ್ಯ ಗೊತ್ತು. ಹಾಸ್ಟೆಲ್ಲಿನಿಂದ ಕಥೆ ಗೊತ್ತಿಲ್ಲದ ಒಬ್ಬರನ್ನು ಕರೆತನ್ನಿ. ಒಂದೂವರೆ ನಿಮಿಷಕ್ಕೆ ನಿಲ್ಲಿಸಿ, ‘ಇವರಿಬ್ಬರಿಗೂ ಏನು ಬೇಕು? ಯಾಕೆ ಸಿಗ್ತಿಲ್ಲ?’ ಎಂದು ಕೇಳಿ. ಅವರು ತಡವರಿಸಿದರೆ ಕೊನೆಯ ಸಾಲನ್ನು ತಿದ್ದುತ್ತಾ ಕೂರಬೇಡಿ, ದೋಷ ಇರುವುದು ಮೊದಲ ಪುಟದಲ್ಲಿ.