ಬೇಸಿಗೆಯ ಐಸ್‌ಕ್ರೀಂ ಲೆಕ್ಕ: ಹೋಲ್ಟ್–ವಿಂಟರ್ಸ್ ವಿಧಾನ

ಐಸ್‌ಕ್ರೀಂ ಏಪ್ರಿಲ್‌ನಲ್ಲಿ ಮಾರಾಟವಾಗುವಷ್ಟು ಆಗಸ್ಟ್‌ನಲ್ಲಿ ಆಗುವುದಿಲ್ಲ. ಇದು ತಯಾರಕರಿಗೂ ಅಂಗಡಿಯವರಿಗೂ ಗೊತ್ತಿರುವ ಮಾತೇ. ಆದರೆ ಬರುವ ಬೇಸಿಗೆಗೆ ಎಷ್ಟು ಹಾಲಿನಪುಡಿ, ಎಷ್ಟು ಡಬ್ಬಿ, ಎಷ್ಟು ಶೀತಲ ಗೋದಾಮಿನ ಜಾಗ ಬೇಕೆಂಬುದನ್ನು ಚಳಿಗಾಲದಲ್ಲೇ ತೀರ್ಮಾನಿಸಬೇಕು, ಅದಕ್ಕೊಂದು ಅಂಕಿ ಬೇಕು. ಇಡೀ ವರ್ಷದ ಸರಾಸರಿ ತೆಗೆದರೆ ಬೇಸಿಗೆಯಲ್ಲಿ ಮಾಲು ಸಾಲದು, ಮಳೆಗಾಲದಲ್ಲಿ ಮಿಕ್ಕುತ್ತದೆ. ಕಳೆದ ಬೇಸಿಗೆಯ ಅಂಕಿಯನ್ನೇ ಮತ್ತೆ ಬರೆದರೆ ನಡುವೆ ವ್ಯಾಪಾರ ಬೆಳೆದದ್ದು ಲೆಕ್ಕಕ್ಕೆ ಬರುವುದಿಲ್ಲ.

ಈ ಎರಡು ತೊಂದರೆಗಳನ್ನೂ ಒಟ್ಟಿಗೆ ನಿಭಾಯಿಸುವ ವಿಧಾನಕ್ಕೆ ಹೋಲ್ಟ್–ವಿಂಟರ್ಸ್ ಎಂದು ಹೆಸರು. ಅಮೆರಿಕದ ಚಾರ್ಲ್ಸ್ ಹೋಲ್ಟ್ 1957ರಲ್ಲಿ ನೌಕಾಪಡೆಯ ಸಂಶೋಧನಾ ಕಚೇರಿಗೆ ಬರೆದ ಟಿಪ್ಪಣಿಯಲ್ಲಿ ಇದರ ತಿರುಳಿತ್ತು. ಪೀಟರ್ ವಿಂಟರ್ಸ್ 1960ರಲ್ಲಿ ಅದನ್ನು ಮಾರಾಟದ ಅಂಕಿಗಳ ಮೇಲೆ ಪರೀಕ್ಷಿಸಿ ಲೇಖನ ಪ್ರಕಟಿಸಿದರು. ಹೋಲ್ಟ್ ಅವರ ಮೂಲ ಟಿಪ್ಪಣಿ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 2004ರಲ್ಲಿ. ಅಷ್ಟರಲ್ಲಿ ಅದು ಅರ್ಧ ಶತಮಾನದಷ್ಟು ಕಾಲ ಬಳಕೆಯಲ್ಲಿತ್ತು.

ಈ ವಿಧಾನ ಬೇಡಿಕೆಯನ್ನು ಮೂರು ಅಂಶಗಳಾಗಿ ಬಿಡಿಸಿ ನೋಡುತ್ತದೆ. ಋತುವಿನ ಪ್ರಭಾವ ತೆಗೆದುಹಾಕಿದ ಮೇಲೆ ಉಳಿಯುವ ವ್ಯಾಪಾರದ ಪ್ರಮಾಣವೇ ಮಟ್ಟ. ಆ ಮಟ್ಟ ಪ್ರತಿ ಅವಧಿಗೆ ಎಷ್ಟು ಏರುತ್ತಿದೆ ಅಥವಾ ಇಳಿಯುತ್ತಿದೆ ಎಂಬುದು ಟ್ರೆಂಡ್. ಒಂದೊಂದು ಅವಧಿಯ ಮಾರಾಟ ಮಟ್ಟದ ಎಷ್ಟು ಪಾಲು ಎಂದು ಹೇಳುವುದು ಋತುಗುಣಕ. ಹೊಸ ಅಂಕಿ ಬಂದಾಗಲೆಲ್ಲ ಮೂರನ್ನೂ ಸ್ವಲ್ಪಸ್ವಲ್ಪ ತಿದ್ದಲಾಗುತ್ತದೆ.

ಉದಾಹರಣೆಗೆ, ಒಂದು ಸಣ್ಣ ಘಟಕದ ಮೂರು ತಿಂಗಳಿಗೊಮ್ಮೆಯ ಲೆಕ್ಕವನ್ನು ಊಹಿಸಿಕೊಳ್ಳಬಹುದು. ಡಿಸೆಂಬರ್ ಕೊನೆಗೆ ಮಟ್ಟ 1000 ಪೆಟ್ಟಿಗೆ, ಟ್ರೆಂಡ್ 20. ಋತುಗುಣಕ ಜನವರಿ–ಮಾರ್ಚ್‌ಗೆ 1.1, ಏಪ್ರಿಲ್–ಜೂನ್‌ಗೆ 1.5, ಉಳಿದೆರಡು ಅವಧಿಗಳಿಗೆ ತಲಾ 0.7. ನಾಲ್ಕನ್ನೂ ಕೂಡಿದರೆ 4 ಬರಬೇಕು. ಮುಂದಿನ ಅವಧಿಯ ಅಂದಾಜು ಬೇಕೆಂದರೆ ಮಟ್ಟಕ್ಕೆ ಟ್ರೆಂಡ್ ಕೂಡಿಸಿ, ಆ ಅವಧಿಯ ಗುಣಕದಿಂದ ಗುಣಿಸಬೇಕು. 1020 × 1.1 ಎಂದರೆ 1122 ಪೆಟ್ಟಿಗೆ. ಅದರ ಮುಂದಿನ ಬೇಸಿಗೆ ಅವಧಿಗೆ ಟ್ರೆಂಡ್ ಎರಡು ಸಲ ಸೇರುತ್ತದೆ: 1040 × 1.5, ಅಂದರೆ 1560.

ಮಾರ್ಚ್ ಮುಗಿದಾಗ ನಿಜವಾಗಿ 1210 ಪೆಟ್ಟಿಗೆ ಹೋಗಿವೆ ಎನ್ನೋಣ. ಇದನ್ನು 1.1ರಿಂದ ಭಾಗಿಸಿದರೆ ಋತು ಕಳೆದ ಬೇಡಿಕೆ 1100 ಎಂದಾಗುತ್ತದೆ. ನಿರೀಕ್ಷೆಯಿದ್ದದ್ದು 1020. ಹೊಸ ಅಂಕಿಗೆ ಹತ್ತರಲ್ಲಿ ಮೂರು ಪಾಲು, ಹಳೆಯ ನಿರೀಕ್ಷೆಗೆ ಏಳು ಪಾಲು ಬೆಲೆ ಕೊಟ್ಟರೆ ಹೊಸ ಮಟ್ಟ 1044. ಮಟ್ಟ ಈ ಸಲ 44 ಏರಿದೆ, ಹಳೆಯ ಟ್ರೆಂಡ್ 20 ಇತ್ತು. ಇಲ್ಲಿ ಹೊಸದಕ್ಕೆ ಹತ್ತರಲ್ಲಿ ಒಂದೇ ಪಾಲು ಕೊಟ್ಟರೆ ಹೊಸ ಟ್ರೆಂಡ್ 22.4. ಮಾರಾಟವನ್ನು ಹೊಸ ಮಟ್ಟದಿಂದ ಭಾಗಿಸಿ, ಆ ಉತ್ತರಕ್ಕೆ ಐದರಲ್ಲಿ ಒಂದು ಪಾಲು ಕೊಟ್ಟರೆ ಜನವರಿ–ಮಾರ್ಚ್ ಗುಣಕ 1.1ರಿಂದ ಸುಮಾರು 1.11ಕ್ಕೆ ಸರಿಯುತ್ತದೆ. ಇದರಿಂದಾಗಿ ಬೇಸಿಗೆಯ ಅಂದಾಜು 1560ರಿಂದ ಸುಮಾರು 1600ಕ್ಕೆ ಏರುತ್ತದೆ.

ಮೂರು, ಒಂದು, ಎರಡು ಎಂಬ ಈ ಪಾಲುಗಳೇ ವಿಧಾನದ ಕೀಲಿ. ಮೂರು ಪಾಲು ಎಂದರೆ ಈಗಿನ ಅಂಕಿಗೆ 0.3 ತೂಕ, ಹಿಂದಿನದಕ್ಕೆ 0.21, ಅದರ ಹಿಂದಿನದಕ್ಕೆ 0.147. ತೂಕ ಹೀಗೆ ಒಂದೇ ಅನುಪಾತದಲ್ಲಿ ಕರಗುತ್ತ ಹೋಗುವುದರಿಂದಲೇ ಇದಕ್ಕೆ ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ಎಂಬ ಹೆಸರು. ಪಾಲು ಹೆಚ್ಚಿಸಿದರೆ ಅಂದಾಜು ಪ್ರತಿ ಸಣ್ಣ ಏರುಪೇರಿಗೂ ಕುಣಿಯುತ್ತದೆ, ತಗ್ಗಿಸಿದರೆ ನಿಜವಾದ ಬದಲಾವಣೆಯನ್ನೂ ತಡವಾಗಿ ಗಮನಿಸುತ್ತದೆ. ಹಳೆಯ ಅಂಕಿಗಳ ಮೇಲೆ ಬೇರೆ ಬೇರೆ ಪಾಲುಗಳನ್ನು ಓಡಿಸಿ, ತಪ್ಪು ಕಡಿಮೆ ಬರುವುದನ್ನು ಆರಿಸುವುದು ವಾಡಿಕೆ. ಋತುಗುಣಕಕ್ಕೆ ವರ್ಷಕ್ಕೆ ಒಂದೇ ಸಲ ತಿದ್ದುಪಡಿ ಸಿಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಎರಡು ವರ್ಷದ ಅಂಕಿಗಳಿಂದ ಲೆಕ್ಕ ಶುರು ಮಾಡಬಹುದು, ಆದರೆ ಅಷ್ಟರಿಂದ ಬಂದ ಗುಣಕವನ್ನು ಹೆಚ್ಚು ನಂಬುವಂತಿಲ್ಲ.

ಲೆಕ್ಕ ಕೆಡುವುದು ಸಾಮಾನ್ಯವಾಗಿ ಸೂತ್ರದಲ್ಲಲ್ಲ, ಅದಕ್ಕೆ ಉಣಿಸುವ ಅಂಕಿಯಲ್ಲಿ. ವಿಧಾನ ಕೇಳುವುದು ಬೇಡಿಕೆಯನ್ನು, ಪುಸ್ತಕದಲ್ಲಿರುವುದು ಮಾರಾಟ. ಮಾಲು ಮುಗಿದ ದಿನಗಳಲ್ಲಿ ಇವೆರಡೂ ಒಂದಲ್ಲ. ಮೇಲಿನ ಘಟಕ ಬೇಸಿಗೆಗೆ 1500 ಪೆಟ್ಟಿಗೆ ಮಾತ್ರ ತಯಾರಿಸಿತು, ಜೂನ್ 16ಕ್ಕೆ ಎಲ್ಲವೂ ಖಾಲಿಯಾಯಿತು ಎನ್ನೋಣ. 1600 ಅಂದಾಜಿದ್ದಲ್ಲಿ 1500 ಹೋಯಿತೆಂದು ಬರೆದುಕೊಂಡರೆ ಬೇಸಿಗೆಯ ಗುಣಕ 1.5ರಿಂದ 1.487ಕ್ಕೆ ಇಳಿಯುತ್ತದೆ. ಮಾಲು ಸಾಲದೆ ಹೋದ ವರ್ಷದಿಂದ ವಿಧಾನ ಕಲಿತದ್ದು ಜನ ಕಡಿಮೆ ತಿಂದರು ಎಂಬ ಪಾಠ! ಮುಂದಿನ ವರ್ಷ ಇನ್ನಷ್ಟು ಕಡಿಮೆ ತಯಾರಾಗುತ್ತದೆ, ಅದೂ ಬೇಗ ಮುಗಿಯುತ್ತದೆ, ಗುಣಕ ಮತ್ತೂ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಅಂದಾಜಿಗೂ ಮಾರಾಟಕ್ಕೂ ಚೆನ್ನಾಗಿ ತಾಳೆಯಾಗುತ್ತಿರುವಂತೆ ಕಾಣುವುದರಿಂದ ಈ ಸುಳಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮಾಲು ಖಾಲಿಯಾದ ತಾರೀಖನ್ನು ಬರೆದಿಟ್ಟವರಿಗೆ ಮಾತ್ರ ಅದು ತಿಳಿಯುತ್ತದೆ.

ಆ ತಾರೀಖು ಇದ್ದರೆ ತಿದ್ದುವುದು ಕಷ್ಟವಲ್ಲ. 91 ದಿನಗಳಲ್ಲಿ 77 ದಿನ ಮಾಲಿತ್ತು, ಅದೇ ವೇಗದಲ್ಲಿ ಹೋಗಿದ್ದರೆ 1773 ಆಗುತ್ತಿತ್ತು ಎಂಬುದು ಒಂದು ಲೆಕ್ಕ. ಆದರೆ ಜೂನ್ ನಡುವಿನ ಹೊತ್ತಿಗೆ ಮಳೆ ಹಿಡಿದು ಐಸ್‌ಕ್ರೀಂ ಕೇಳುವವರು ಕಡಿಮೆಯಾಗಿರುತ್ತಾರೆ, ಹಾಗಾಗಿ ಈ ಅಂಕಿ ಅತಿಯಾಯಿತು. ಮಾಲು ಕೊರತೆಯಾಗದ ಹಿಂದಿನ ವರ್ಷದಲ್ಲಿ ಜೂನ್ 16ರೊಳಗೆ ಆ ಅವಧಿಯ ಎಷ್ಟು ಪಾಲು ಮಾರಾಟವಾಗಿತ್ತು ಎಂದು ನೋಡುವುದು ಮೇಲು. ಅದು ಹತ್ತರಲ್ಲಿ ಒಂಬತ್ತು ಪಾಲಾಗಿದ್ದರೆ ನಿಜವಾದ ಬೇಡಿಕೆ ಸುಮಾರು 1667. ಅದನ್ನು ಉಣಿಸಿದರೆ ಗುಣಕ ಇಳಿಯುವ ಬದಲು 1.509ಕ್ಕೆ ಏರುತ್ತದೆ.

ಕ್ಯಾಲೆಂಡರ್ ಇನ್ನೊಂದು ತೊಡಕು. ದೀಪಾವಳಿ ಒಂದು ವರ್ಷ ಅಕ್ಟೋಬರ್‌ನಲ್ಲಿ ಬಂದರೆ ಇನ್ನೊಂದು ವರ್ಷ ನವೆಂಬರ್‌ನಲ್ಲಿ ಬರುತ್ತದೆ. ಸಿಹಿತಿಂಡಿ, ಪಟಾಕಿ, ಬಟ್ಟೆಯ ವ್ಯಾಪಾರದಲ್ಲಿ ತಿಂಗಳವಾರು ಗುಣಕ ಇಟ್ಟುಕೊಂಡರೆ ಹಬ್ಬದ ಭರಾಟೆ ಎರಡು ತಿಂಗಳಿಗೂ ಹಂಚಿಹೋಗಿ ಎರಡೂ ತಪ್ಪಾಗುತ್ತವೆ. ಇಂಥ ಕಡೆ ಹಬ್ಬದ ಹೆಚ್ಚುವರಿಯನ್ನು ಮೊದಲೇ ಕಳೆದಿಟ್ಟು, ಉಳಿದದ್ದಕ್ಕೆ ಈ ವಿಧಾನ ಹಚ್ಚಿ, ಆ ವರ್ಷ ಹಬ್ಬ ಬರುವ ತಿಂಗಳಿಗೆ ಮತ್ತೆ ಕೂಡಿಸಬೇಕು. 2020ರ ಏಪ್ರಿಲ್‌ನಂಥ ಲಾಕ್‌ಡೌನ್ ತಿಂಗಳ ಅಂಕಿಯನ್ನಂತೂ ಹಾಗೆಯೇ ಬಿಡಬಾರದು. ಆ ಜಾಗದಲ್ಲಿ ಅಂದಾಜಿನ ಅಂಕಿಯನ್ನೇ ತುಂಬಿದರೆ ಗುಣಕ ಕೆಡದೆ ಉಳಿಯುತ್ತದೆ.

ಬೇಸಿಗೆಯ ಹೆಚ್ಚಳ ವ್ಯಾಪಾರದ ಜೊತೆ ತಾನೂ ಬೆಳೆಯುತ್ತಿದ್ದರೆ ಮೇಲಿನಂತೆ ಗುಣಿಸುವ ರೂಪ ಸರಿ. ವ್ಯಾಪಾರ ಎಷ್ಟೇ ಬೆಳೆದರೂ ಬೇಸಿಗೆಯಲ್ಲಿ ಸುಮಾರು 500 ಪೆಟ್ಟಿಗೆಯಷ್ಟೇ ಹೆಚ್ಚು ಹೋಗುತ್ತಿದ್ದರೆ ಕೂಡಿಸುವ ರೂಪ ಬೇಕು. ಎಕ್ಸೆಲ್‌ನ FORECAST.ETS ಸೂತ್ರ ಬಳಸುವುದು ಕೂಡಿಸುವ ರೂಪವನ್ನು. ಬೆಳೆಯುತ್ತಿರುವ ವ್ಯಾಪಾರಕ್ಕೆ ಅದನ್ನು ಹಚ್ಚಿದರೆ ಬೇಸಿಗೆಯ ಅಂದಾಜು ಕಡಿಮೆ ಬರುವ ಸಂಭವವಿದೆ.

ವಿಧಾನ ದಾರಿ ತಪ್ಪಿದೆಯೇ ಎಂದು ತಿಳಿಯಲು ತಪ್ಪುಗಳನ್ನು ಚಿಹ್ನೆಯ ಸಮೇತ ಕೂಡಿಸುತ್ತ ಹೋಗಬೇಕು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದರೆ ಮೊತ್ತ ಸೊನ್ನೆಯ ಹತ್ತಿರವೇ ಇರುತ್ತದೆ. ಒಂದೇ ಕಡೆಗೆ ವಾಲುತ್ತ ಆ ಮೊತ್ತ ಸರಾಸರಿ ತಪ್ಪಿನ ಸುಮಾರು ನಾಲ್ಕು ಪಟ್ಟು ದಾಟಿದರೆ ಮಟ್ಟವೋ ಟ್ರೆಂಡೋ ಹಿಂದೆ ಬಿದ್ದಿದೆ ಎಂದರ್ಥ. ಇದೇ ಸರಾಸರಿ ತಪ್ಪು ದಾಸ್ತಾನಿನ ಲೆಕ್ಕಕ್ಕೂ ಬೇಕು. ಅಂದಾಜು 1600 ಎಂದು 1600 ಪೆಟ್ಟಿಗೆಯನ್ನೇ ತಯಾರಿಸಿದರೆ ಸುಮಾರು ಅರ್ಧದಷ್ಟು ಬೇಸಿಗೆಗಳಲ್ಲಿ ಮಾಲು ಸಾಲದೆ ಬರುತ್ತದೆ. ಅದರ ಮೇಲೆ ಎಷ್ಟು ಹೆಚ್ಚುವರಿ ಇಡಬೇಕೆಂಬುದನ್ನು ಹಿಂದಿನ ಬೇಸಿಗೆಗಳ ತಪ್ಪಿನ ಗಾತ್ರ ಮತ್ತು ಡಬ್ಬಿ, ಹಾಲಿನಪುಡಿ ಬಂದು ಸೇರಲು ಹಿಡಿಯುವ ವಾರಗಳು ನಿರ್ಧರಿಸುತ್ತವೆ.